ಕ್ರಿಯೇಟಿನ್ ಮತ್ತು ಪಂದ್ಯದ ದಿನದ ಕೆಫೀನ್: ತಂಡದ ವೈದ್ಯರಿಗೆ ಸಂದೇಶ ಬರೆಯುವ ಕ್ರಮ

"ಮೇಡಂ, ಕ್ರಿಯೇಟಿನ್ ತೆಗೆದುಕೊಳ್ಳಬಹುದೇ? ನಾಳೆ ಪಂದ್ಯವಿದೆ."

ದಕ್ಷಿಣ ಕೊಡಗಿನ ಒಂದು ಕಾಲೇಜಿನ ಹಾಕಿ ತಂಡಗಳನ್ನು ನೋಡಿಕೊಳ್ಳುವ ವೈದ್ಯೆ ನಾನು. ಪಂದ್ಯಾವಳಿಯ ಕಾಲ ಬಂತೆಂದರೆ ಇಂಥ ಸಂದೇಶ ವಾರಕ್ಕೆ ಮೂರಾದರೂ ಬರುತ್ತದೆ. ಕೆಲವರು ಡಬ್ಬಿಯ ಮುಂಭಾಗದ ಫೋಟೊ ಕಳುಹಿಸಿ ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾರೆ. ಇನ್ನು ಕೆಲವರು ಎರಡು ವಾರದಿಂದ ತೆಗೆದುಕೊಳ್ಳುತ್ತಲೇ ಇದ್ದು, ಎದೆ ಡವಡವ ಎಂದ ಮೇಲೆ ಬರೆಯುತ್ತಾರೆ. ಇವಕ್ಕೆ ನಾನು ಕೊಡಬಹುದಾದ ಉತ್ತರ ಒಂದೇ: "ಬೇಡ." ಆಟಗಾರರಿಗೆ ಅದು ವೈದ್ಯರ ಹಟವಾಗಿ ಕಾಣುತ್ತದೆ. ನಿಜವಾಗಿ ಹೌದೆನ್ನಲು ಬೇಕಾದ ಸಂಗತಿಗಳು ಆ ಸಂದೇಶದಲ್ಲಿ ಇರುವುದಿಲ್ಲ, ಅಷ್ಟೇ.

ಹೆಚ್ಚಿನ ತಪ್ಪಿಗೆ ಮೂಲ ಒಂದೇ ಕಡೆ ಇದೆ. ಕ್ರಿಯೇಟಿನ್ ಮತ್ತು ಕೆಫೀನ್ ಎರಡನ್ನೂ ಪಂದ್ಯಕ್ಕೆ ಮೊದಲು ಒಂದೇ ಬಾಟಲಿಯಲ್ಲಿ ಕಲಕಿ ಕುಡಿಯುವ ವಸ್ತುವೆಂದು ಹುಡುಗರು ತಿಳಿದಿರುತ್ತಾರೆ. ಕ್ರಿಯೇಟಿನ್ ಸ್ನಾಯುಗಳಲ್ಲಿ ನಿಧಾನವಾಗಿ ತುಂಬಿಕೊಳ್ಳುವ ಪುಡಿ, ಅದರ ಗಡಿಯಾರ ವಾರಗಳದ್ದು. ಕೆಫೀನಿನದು ನಿಮಿಷ ಮತ್ತು ಗಂಟೆಗಳದ್ದು. ಸಂದೇಶವನ್ನೂ ಹಾಗೆಯೇ ಎರಡು ಭಾಗ ಮಾಡಿ ಬರೆದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಕೆಳಗಿದೆ. ಕ್ರಮ ತಪ್ಪಿಸಬೇಡಿ, ಏಕೆಂದರೆ ಪ್ರತಿ ಹಂತದಲ್ಲಿ ಬರೆದಿಟ್ಟದ್ದು ಮುಂದಿನ ಹಂತಕ್ಕೆ ಬೇಕಾಗುತ್ತದೆ.

ಉದಾಹರಣೆಗೆ ಒಬ್ಬಳೇ ಆಟಗಾರ್ತಿಯನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳುತ್ತೇನೆ. ಪೊನ್ನಂಪೇಟೆ ಕಡೆಯ ಕಾಫಿ ತೋಟದ ಮನೆಯವಳು, ಎರಡನೇ ವರ್ಷದ ಬಿ.ಕಾಂ., 20 ವರ್ಷ, 62 ಕೆ.ಜಿ. ತೂಕ, ಮಿಡ್‌ಫೀಲ್ಡ್‌ನಲ್ಲಿ ಆಡುತ್ತಾಳೆ. ಗುರುತು ಸಿಗದಂತೆ ವಿವರಗಳನ್ನು ಅಲ್ಲಲ್ಲಿ ಬದಲಿಸಿದ್ದೇನೆ.

ಹಂತ 1: ಮೊದಲು ಕ್ಯಾಲೆಂಡರ್ ತೆರೆಯಿರಿ

ಮೊದಲ ಪಂದ್ಯದ ದಿನಾಂಕದಿಂದ ಹಿಂದಕ್ಕೆ ಆರು ವಾರ ಎಣಿಸಿ. ಸಂದೇಶ ಹೋಗಬೇಕಾದ ದಿನ ಅದು.

ಆರು ವಾರ ಏಕೆಂದರೆ, ದಿನಕ್ಕೆ 3ರಿಂದ 5 ಗ್ರಾಂ ಕ್ರಿಯೇಟಿನ್ ತೆಗೆದುಕೊಂಡರೆ ಸ್ನಾಯುಗಳಲ್ಲಿ ಅದರ ಸಂಗ್ರಹ ತುಂಬಲು ಮೂರರಿಂದ ನಾಲ್ಕು ವಾರ ಹಿಡಿಯುತ್ತದೆ. ಅದಕ್ಕೆ ಮೊದಲು ಒಂದು ರಕ್ತಪರೀಕ್ಷೆ ಆಗಬೇಕು, ನಡುವೆ ಕೆಫೀನನ್ನು ಅಭ್ಯಾಸದ ದಿನಗಳಲ್ಲಿ ಎರಡು ಬಾರಿಯಾದರೂ ಪರೀಕ್ಷಿಸಬೇಕು. ದಿನಕ್ಕೆ 20 ಗ್ರಾಂ ಅನ್ನು ನಾಲ್ಕು ಪಾಲು ಮಾಡಿ ಐದರಿಂದ ಏಳು ದಿನ ತೆಗೆದುಕೊಂಡು ಬೇಗ ತುಂಬಿಸುವ ದಾರಿಯೂ ಇದೆ. ಆದರೆ ಆ ದಾರಿಯಲ್ಲಿ ಹೊಟ್ಟೆಯುಬ್ಬರ, ಭೇದಿ ಹೆಚ್ಚು, ಒಂದೇ ವಾರದಲ್ಲಿ ಒಂದರಿಂದ ಎರಡು ಕೆ.ಜಿ.ಯಷ್ಟು ನೀರಿನ ತೂಕವೂ ಏರಬಹುದು. ಅರವತ್ತು ನಿಮಿಷ ಓಡುವ ಹಾಕಿ ಆಟಗಾರ್ತಿಗೆ ಪಂದ್ಯದ ಹಿಂದಿನ ವಾರ ಇದ್ದಕ್ಕಿದ್ದಂತೆ ಒಂದೂವರೆ ಕೆ.ಜಿ. ಹೆಚ್ಚಾದರೆ ಕಾಲು ಅದನ್ನು ಗಮನಿಸದೆ ಇರುವುದಿಲ್ಲ. ಸಮಯವಿರುವವರಿಗೆ ನಿಧಾನದ ದಾರಿಯನ್ನೇ ನಾನು ಹೇಳುತ್ತೇನೆ.

ಪಂದ್ಯಕ್ಕೆ ಹತ್ತೇ ದಿನ ಉಳಿದಿದ್ದರೆ ಕ್ರಿಯೇಟಿನ್ ಮಾತನ್ನು ಈ ಬಾರಿಗೆ ಬಿಟ್ಟುಬಿಡಿ. ಕೆಫೀನ್ ಬಗ್ಗೆ ಮಾತ್ರ ಬರೆಯಿರಿ.

ಹಂತ 2: ಕೈಗೆ ಬೇಕಾದವುಗಳನ್ನು ಸೇರಿಸಿಕೊಳ್ಳಿ

ತೂಕದ ಯಂತ್ರ ಬೇಕು. ಬೆಳಿಗ್ಗೆ ಎದ್ದು ಶೌಚದ ನಂತರ, ತಿಂಡಿಗೆ ಮೊದಲು, ಮೂರು ದಿನ ತೂಗಿ ಮೂರನ್ನೂ ಬರೆದುಕೊಳ್ಳಿ. ಕಳೆದ ವರ್ಷದ ವೈದ್ಯಕೀಯ ಪ್ರಮಾಣಪತ್ರದಲ್ಲಿದ್ದ ತೂಕ ಬೇಡ. ಕೆಫೀನಿನ ಲೆಕ್ಕ ಪೂರ್ತಿ ಇಂದಿನ ತೂಕದ ಮೇಲೆ ನಿಂತಿದೆ.

ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಕೇಕ್ ಮಾಡುವ ಮನೆಗಳಲ್ಲಿ ಇರುತ್ತದೆ. ಡಬ್ಬಿಯೊಳಗಿನ ಪ್ಲಾಸ್ಟಿಕ್ ಚಮಚವನ್ನು ನಂಬಬೇಡಿ: ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು.

ಡಬ್ಬಿಯ ಹಿಂಭಾಗದ ಫೋಟೊ ಬೇಕು. ಸಾಮಗ್ರಿಗಳ ಪಟ್ಟಿ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಮತ್ತು ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ನಾಲ್ಕೂ ಓದುವಂತಿರಬೇಕು. ಮುಂಭಾಗದಲ್ಲಿರುವ ಸಿಂಹ, ಮಿಂಚು ಮತ್ತು ಉಬ್ಬಿದ ತೋಳು ನನಗೇನೂ ಹೇಳುವುದಿಲ್ಲ.

ಪಂದ್ಯಗಳ ವೇಳಾಪಟ್ಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ರಕ್ತಪರೀಕ್ಷೆಯ ವರದಿ ಇದ್ದರೆ ಅದು. ಇಷ್ಟು ಸಾಕು.

ಹಂತ 3: ಮನೆಯ ಕಾಫಿಯನ್ನು ಲೆಕ್ಕಕ್ಕೆ ತನ್ನಿ

ಬೇರೆ ಊರಿನ ಮಾರ್ಗದರ್ಶಿಗಳನ್ನು ಓದಿದ ಕೊಡಗಿನ ಹುಡುಗರು ಎಡವುವುದು ಇಲ್ಲಿ. "ಒಂದು ಲೋಟ ಕಾಫಿಯಲ್ಲಿ ಇಷ್ಟು ಕೆಫೀನ್" ಎಂಬ ಸಿದ್ಧ ಅಂಕಿ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುತ್ತದೆ. ಹುರಿದ ಪುಡಿಯ ತೂಕದಲ್ಲಿ ಅರೇಬಿಕಾದ್ದು ನೂರಕ್ಕೆ 1.2ರ ಆಸುಪಾಸು, ರೊಬಸ್ಟಾದ್ದು 2 ಅಥವಾ ಇನ್ನೂ ತುಸು ಹೆಚ್ಚು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಹಾಗಾಗಿ ಅಂಗಡಿಯ ಚಿಕೋರಿ ಬೆರೆತ ಪುಡಿಯ ಲೋಟಕ್ಕೂ, ಸ್ವಂತ ತೋಟದ ರೊಬಸ್ಟಾ ಹುರಿದು ಮಾಡಿದ ಬೆಲ್ಲದ ಕಾಫಿಯ ಲೋಟಕ್ಕೂ ಬಣ್ಣ ಒಂದೇ ಇದ್ದರೂ ಒಳಗಿನದು ಬೇರೆ.

ಲೆಕ್ಕ ಹಾಕುವ ರೀತಿ ಇದು. ಅಮ್ಮ ಫಿಲ್ಟರ್‌ಗೆ ಹಾಕುವ ಪುಡಿಯನ್ನು ಒಮ್ಮೆ ತೂಗಿ. ಎಷ್ಟು ಲೋಟ ಆಯಿತೆಂದು ಎಣಿಸಿ. ನಮ್ಮ ಹುಡುಗಿಯ ಮನೆಯಲ್ಲಿ 30 ಗ್ರಾಂ ಪುಡಿಗೆ ನಾಲ್ಕು ಲೋಟ, ಅಂದರೆ ಲೋಟಕ್ಕೆ ಏಳೂವರೆ ಗ್ರಾಂ. ತೋಟದ ರೊಬಸ್ಟಾ, ಚಿಕೋರಿ ಇಲ್ಲ. ನೂರಕ್ಕೆ ಎರಡರಂತೆ 150 ಮಿ.ಗ್ರಾಂ. ಪುಡಿಯಲ್ಲಿದ್ದದ್ದೆಲ್ಲ ಡಿಕಾಕ್ಷನ್‌ಗೆ ಇಳಿಯುವುದಿಲ್ಲವಾದ್ದರಿಂದ ಲೋಟಕ್ಕೆ 120 ಎಂದು ಇಟ್ಟುಕೊಂಡೆವು. ಇದು ಅಂದಾಜು; ಆದರೆ ಏನೂ ಗೊತ್ತಿಲ್ಲದೆ ಮಾತ್ರೆ ನುಂಗುವುದಕ್ಕಿಂತ ಈ ಅಂದಾಜು ಎಷ್ಟೋ ಮೇಲು.

ಅವಳು ದಿನಕ್ಕೆ ಮೂರು ಲೋಟ ಕುಡಿಯುತ್ತಿದ್ದಳು. 360 ಮಿ.ಗ್ರಾಂ. ಆರೋಗ್ಯವಂತ ವಯಸ್ಕರು ದಿನಕ್ಕೆ 400, ಒಂದೇ ಸಲಕ್ಕೆ 200 ಮಿ.ಗ್ರಾಂ. ದಾಟಬಾರದು ಎಂಬುದು ಸಾಮಾನ್ಯವಾಗಿ ಒಪ್ಪಿರುವ ಮಿತಿ. ಅಂದರೆ ಆಟದ ಹೆಸರಿನಲ್ಲಿ ಒಂದು ಮಿಲಿಗ್ರಾಂ ಸೇರಿಸುವ ಮೊದಲೇ ಅವಳು ಮಿತಿಯ ಬಾಗಿಲಲ್ಲಿ ನಿಂತಿದ್ದಳು. "ನಾನು ಕೆಫೀನ್ ತೆಗೆದುಕೊಳ್ಳುವುದಿಲ್ಲ ಮೇಡಂ, ಕಾಫಿ ಮಾತ್ರ" ಎಂದು ಅವಳು ಮೊದಲು ಹೇಳಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಮೂರು ದಿನ ಕುಡಿದದ್ದನ್ನೆಲ್ಲ ಸಮಯದೊಂದಿಗೆ ಬರೆದಿಡಿ. ಒಂದು ಲೋಟ ಚಹಾಕ್ಕೆ 30ರಿಂದ 50 ಎಂದು ಹಿಡಿಯಿರಿ. ಎನರ್ಜಿ ಡ್ರಿಂಕ್‌ಗಳಿಗೆ ಭಾರತದಲ್ಲಿ ಲೀಟರಿಗೆ ಗರಿಷ್ಠ 300 ಮಿ.ಗ್ರಾಂ. ಮಿತಿಯಿದೆ; 250 ಮಿ.ಲೀ. ಕ್ಯಾನ್ ಎಂದರೆ 75ರವರೆಗೆ. ತಲೆನೋವು ಮತ್ತು ಶೀತದ ಕೆಲವು ಮಾತ್ರೆಗಳಲ್ಲೂ 30ರಿಂದ 50 ಮಿ.ಗ್ರಾಂ. ಕೆಫೀನ್ ಅಡಗಿರುತ್ತದೆ, ಸ್ಟ್ರಿಪ್‌ನ ಹಿಂಭಾಗ ಓದಿ.

ಲೆಕ್ಕ ನೋಡಿ ಗಾಬರಿಯಾಗಿ ಪಂದ್ಯದ ವಾರದಲ್ಲಿ ಕಾಫಿಯನ್ನು ಪೂರ್ತಿ ನಿಲ್ಲಿಸುವವರಿದ್ದಾರೆ. ಅದೂ ತಪ್ಪು. ನಿತ್ಯ ಕುಡಿಯುವವರಿಗೆ ನಿಲ್ಲಿಸಿದ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ತಲೆನೋವು, ಆಲಸ್ಯ ಶುರುವಾಗುತ್ತದೆ. ಕಡಿಮೆ ಮಾಡುವುದಿದ್ದರೆ ಈ ಆರು ವಾರಗಳಲ್ಲಿ ಅರ್ಧ ಅರ್ಧ ಲೋಟವಾಗಿ ಇಳಿಸಿ.

ಹಂತ 4: ಆಟಕ್ಕೆ ಸಂಬಂಧವಿಲ್ಲ ಎಂದುಕೊಂಡದ್ದನ್ನೂ ಬರೆಯಿರಿ

ಆಟಗಾರರು ಮೊಣಕಾಲಿನ ನೋವನ್ನು ಎರಡು ಪುಟ ಬರೆದು, ಬೇಕಾದ ಒಂದು ಸಾಲನ್ನು ಬಿಟ್ಟಿರುತ್ತಾರೆ. ಆ ಸಾಲು ಇವುಗಳಲ್ಲಿ ಯಾವುದಾದರೂ ಇರಬಹುದು.

ಮೂತ್ರಪಿಂಡದ ತೊಂದರೆ, ಕಲ್ಲು, ಅಧಿಕ ರಕ್ತದೊತ್ತಡ, ಮಧುಮೇಹ. ನೋವಿಗೆಂದು ಡೈಕ್ಲೊಫೆನ್ಯಾಕ್ ಅಥವಾ ಐಬುಪ್ರೊಫೆನ್ ಆಗಾಗ ನುಂಗುವ ಅಭ್ಯಾಸವಿದ್ದರೆ ಅದನ್ನೂ ಬರೆಯಿರಿ. ಅವು ಮೂತ್ರಪಿಂಡಕ್ಕೆ ಹೊರೆ, ಕ್ರಿಯೇಟಿನ್ ಬಗ್ಗೆ ತೀರ್ಮಾನಿಸುವಾಗ ನನಗೆ ಗೊತ್ತಿರಬೇಕು.

ಓಡುವಾಗ ತಲೆಸುತ್ತಿ ಬಿದ್ದದ್ದು, ಎದೆನೋವು, ಇದ್ದಕ್ಕಿದ್ದಂತೆ ಹೃದಯ ಓಡಿದ ಅನುಭವ. ಮನೆತನದಲ್ಲಿ ಯಾರಾದರೂ ಐವತ್ತರೊಳಗೆ ಹಠಾತ್ತನೆ ತೀರಿಕೊಂಡಿದ್ದರೆ ಅದು. ಹೀಗಿದ್ದರೆ ಮೊದಲು ಇಸಿಜಿ, ಆಮೇಲೆ ಕೆಫೀನಿನ ಮಾತು. ಆತಂಕ, ಗಾಬರಿಯ ತೊಂದರೆ ಇದ್ದರೂ ಹೇಳಿ.

ಉಬ್ಬಸಕ್ಕೆ ಥಿಯೊಫಿಲಿನ್ ಗುಂಪಿನ ಮಾತ್ರೆ ನುಂಗುತ್ತಿದ್ದರೆ, ಅದು ಕೆಫೀನಿನ ಹತ್ತಿರದ ಸಂಬಂಧಿ. ಎರಡೂ ಸೇರಿದರೆ ನಡುಕ, ವಾಂತಿ, ಎದೆಬಡಿತ ಹೆಚ್ಚುತ್ತವೆ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯಾಟಿಕ್ ಕೆಫೀನ್ ದೇಹದಿಂದ ಹೊರಹೋಗುವುದನ್ನು ತಡೆಯುತ್ತದೆ. ಕುಟುಂಬದಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ಇದ್ದರೆ, ನಿಮ್ಮದು ವಾಹಕ ಸ್ಥಿತಿ ಮಾತ್ರವಾಗಿದ್ದರೂ ತಿಳಿಸಿ; ಅಂಥವರಿಗೆ ಉತ್ತೇಜಕಗಳನ್ನು ನಾನು ಕೊಡುವುದಿಲ್ಲ.

ಹುಡುಗಿಯರು ಬಿಡುವ ಸಾಲು ಬೇರೆ. ಮುಟ್ಟಿನ ಏರುಪೇರಿಗೆ ಅಥವಾ ಪಿಸಿಒಡಿಗೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಯನ್ನು ಸ್ತ್ರೀರೋಗ ತಜ್ಞರು ಬರೆದುಕೊಡುವುದುಂಟು. ಹೆಸರಿನ ಸಂಕೋಚಕ್ಕೆ ಅದನ್ನು ಯಾರೂ ಪಟ್ಟಿಯಲ್ಲಿ ಹಾಕುವುದಿಲ್ಲ. ಆದರೆ ಕೆಫೀನಿನ ಮಟ್ಟಿಗೆ ದೊಡ್ಡ ವ್ಯತ್ಯಾಸ ಮಾಡುವುದು ಅದೇ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಆ ಮಾತ್ರೆ ನುಂಗುವವರಲ್ಲಿ ಅದು ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ನಮ್ಮ ಹುಡುಗಿಯ ಮೊದಲ ಸಂದೇಶದಲ್ಲಿ ಈ ಸಾಲು ಇರಲಿಲ್ಲ. ಅದರಿಂದ ಏನಾಗುತ್ತಿತ್ತೆಂದು ಹಂತ 6ರಲ್ಲಿ ನೋಡೋಣ.

ಇಂಥ ವಿವರವಿರುವುದರಿಂದಲೇ ಸಂದೇಶ ವೈದ್ಯರ ಸಂಖ್ಯೆಗೆ ನೇರವಾಗಿ ಹೋಗಬೇಕು. ತಂಡದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಕೋಚ್ ಫೋನಿನಿಂದ ಕಳುಹಿಸಬೇಡಿ.

ಹಂತ 5: ಕ್ರಿಯೇಟಿನ್ ಭಾಗವನ್ನು ಬರೆಯಿರಿ

ಇದು ನಾಲ್ಕು ಸಾಲಿನ ಕೆಲಸ. ಯಾವ ರೂಪ, ದಿನಕ್ಕೆ ಎಷ್ಟು ಗ್ರಾಂ, ಯಾವ ದಿನದಿಂದ, ಯಾವ ಉದ್ದೇಶಕ್ಕೆ.

ರೂಪ ಕ್ರಿಯೇಟಿನ್ ಮೊನೊಹೈಡ್ರೇಟ್ ಆಗಿರಲಿ, ರುಚಿ ಬಣ್ಣ ಇಲ್ಲದ್ದು. ಹೆಚ್ಚು ಬೆಲೆಯ ಬೇರೆ ರೂಪಗಳು ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತವೆ ಎಂಬುದಕ್ಕೆ ಆಧಾರ ಸಾಲದು. ಉದ್ದೇಶವನ್ನು ಬರೆಯಿರಿ ಎಂದು ಕೇಳುವುದು ಏಕೆಂದರೆ, ಕ್ರಿಯೇಟಿನ್ ನೆರವಾಗುವುದು ಕೆಲವು ಸೆಕೆಂಡುಗಳ ಬಿರುಸಿನ ಓಟವನ್ನು ಮತ್ತೆ ಮತ್ತೆ ಮಾಡುವವರಿಗೆ. ಹಾಕಿಯಲ್ಲಿ ಅದಕ್ಕೆ ಅರ್ಥವಿದೆ. ದೂರ ಓಟದ ಹುಡುಗ ಕೇಳಿದರೆ ತೂಕ ಹೆಚ್ಚಿಸಿಕೊಳ್ಳುವುದಷ್ಟೇ ಲಾಭ ಎನ್ನುತ್ತೇನೆ.

ಊಟದ ಪದ್ಧತಿಯನ್ನೂ ಒಂದು ಮಾತಿನಲ್ಲಿ ಹೇಳಿ. ಕ್ರಿಯೇಟಿನ್ ಮಾಂಸ, ಮೀನುಗಳಲ್ಲಿ ಸಹಜವಾಗಿ ಇರುತ್ತದೆ. ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಸಂಗ್ರಹ ಕಡಿಮೆ, ಹಾಗಾಗಿ ಪುಡಿಯಿಂದ ಅವರಿಗೆ ಕಾಣುವ ವ್ಯತ್ಯಾಸ ಹೆಚ್ಚು. "ನಮ್ಮಲ್ಲಿ ವಾರಕ್ಕೆ ಎರಡು ಸಲ ಪಂದಿಕರಿ ಇದೆ, ಪುಡಿ ಏಕೆ?" ಎಂದು ಒಬ್ಬ ತಂದೆ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಹಸಿ ಹಂದಿಮಾಂಸದ ಒಂದು ಕೆ.ಜಿ.ಯಲ್ಲಿ ಕ್ರಿಯೇಟಿನ್ ಸುಮಾರು 5 ಗ್ರಾಂ, ಬೇಯಿಸುವಾಗ ಅದರಲ್ಲೂ ಒಂದಿಷ್ಟು ಹೋಗುತ್ತದೆ. ದಿನವೂ ಒಂದು ಕೆ.ಜಿ. ತಿನ್ನುವ ಮಗಳು ಅವರಿಗಿರಲಿಲ್ಲ.

ಇಲ್ಲಿ ಪದೇಪದೇ ಕಾಣುವ ತಪ್ಪು ಹೆಸರುಗಳ ಗೊಂದಲ. ಕ್ರಿಯೇಟಿನ್ ಎಂಬುದು ನೀವು ತಿನ್ನುವ ಪುಡಿ. ಕ್ರಿಯೇಟಿನಿನ್ ಎಂಬುದು ಅದು ದೇಹದಲ್ಲಿ ಸವೆದಾಗ ಉಳಿಯುವ, ಮೂತ್ರಪಿಂಡ ಹೊರಹಾಕುವ ತ್ಯಾಜ್ಯ. ರಕ್ತಪರೀಕ್ಷೆಯಲ್ಲಿ ಅಳೆಯುವುದು ಇದನ್ನು. ಪುಡಿ ತಿನ್ನುವವರಲ್ಲಿ ಮೂತ್ರಪಿಂಡ ಸರಿಯಿದ್ದರೂ ಇದು ತುಸು ಏರಬಹುದು. ಮೊದಲ ದಿನಕ್ಕೆ ಮುನ್ನವೇ ಒಂದು ಪರೀಕ್ಷೆ ಮಾಡಿಸಿಟ್ಟರೆ ಮುಂದೆ ಏರಿದಾಗ ಹೋಲಿಸಲು ಆಧಾರವಿರುತ್ತದೆ. ಅದಿಲ್ಲದೆ, ಜ್ವರಕ್ಕೆಂದು ಬೇರೆ ಊರಿನ ಆಸ್ಪತ್ರೆಗೆ ಹೋದ ಆಟಗಾರನಿಗೆ "ಕಿಡ್ನಿ ಹೋಗುತ್ತಿದೆ" ಎಂದು ಹೇಳಿ ಮನೆಮಂದಿಯನ್ನೆಲ್ಲ ಅಳಿಸಿದ್ದನ್ನು ನೋಡಿದ್ದೇನೆ. ರಕ್ತ ಕೊಡುವಾಗ ಪುಡಿ ತಿನ್ನುತ್ತಿರುವುದನ್ನು ವೈದ್ಯರಿಗೆ ಹೇಳಿದ್ದರೆ ಅಷ್ಟು ಆಗುತ್ತಿರಲಿಲ್ಲ.

ಹಂತ 6: ಕೆಫೀನ್ ಯೋಜನೆಯನ್ನು ಗಡಿಯಾರದೊಂದಿಗೆ ಬರೆಯಿರಿ

ಸಾಮಾನ್ಯವಾಗಿ ಹೇಳುವ ಪ್ರಮಾಣ ಕೆ.ಜಿ. ತೂಕಕ್ಕೆ 3ರಿಂದ 6 ಮಿ.ಗ್ರಾಂ., ಆಟಕ್ಕೆ ಒಂದು ಗಂಟೆ ಮೊದಲು. ಕೆಲವರಿಗೆ 2 ಮಿ.ಗ್ರಾಂ. ಸಾಕಾಗುತ್ತದೆ. 9ಕ್ಕೆ ಏರಿಸಿದರೆ ಲಾಭ ಹೆಚ್ಚುವುದಿಲ್ಲ, ನಡುಕ ಹೆಚ್ಚುತ್ತದೆ. ಕಾಲೇಜು ಆಟಗಾರರಿಗೆ ನಾನು 3ನ್ನು ದಾಟುವುದಿಲ್ಲ, ಶುರು ಮಾಡುವುದು ಅದಕ್ಕೂ ಕೆಳಗೆ.

ಪ್ರಮಾಣವನ್ನಷ್ಟೇ ಬರೆದರೆ ಸಾಲದು, ಇಡೀ ದಿನವನ್ನು ಬರೆಯಬೇಕು. ನಮ್ಮ ಹುಡುಗಿಯ ಪಂದ್ಯಾವಳಿಯಲ್ಲಿ ಮೊದಲ ದಿನ 11 ಗಂಟೆಗೆ ಒಂದು ಪಂದ್ಯ, ಗೆದ್ದರೆ 3.30ಕ್ಕೆ ಇನ್ನೊಂದು, ಅದನ್ನೂ ಗೆದ್ದರೆ ಮರುದಿನ ಬೆಳಿಗ್ಗೆ 8ಕ್ಕೆ ಸೆಮಿಫೈನಲ್. ಅವಳ ಮೊದಲ ಯೋಜನೆ: ಬೆಳಿಗ್ಗೆ 7ಕ್ಕೆ ಮನೆಯ ಕಾಫಿ, 10ಕ್ಕೆ 200 ಮಿ.ಗ್ರಾಂ. ಮಾತ್ರೆ, 2.30ಕ್ಕೆ ಮತ್ತೆ 200.

ರಾತ್ರಿ 10 ಗಂಟೆಗೆ ದೇಹದಲ್ಲಿ ಎಷ್ಟು ಉಳಿದಿರುತ್ತದೆ ನೋಡೋಣ. ಐದು ಗಂಟೆಗೆ ಅರ್ಧ ಎಂಬ ಲೆಕ್ಕದಲ್ಲಿ ಕಾಫಿಯ 120ರಲ್ಲಿ 15, ಮೊದಲ ಮಾತ್ರೆಯಲ್ಲಿ 38, ಎರಡನೆಯದರಲ್ಲಿ 71. ಒಟ್ಟು 124. ಮಲಗುವ ಮೊದಲು ಮನೆಯ ಒಂದು ಲೋಟ ಗಟ್ಟಿ ಕಾಫಿ ಕುಡಿದಂತೆ. ಇಷ್ಟೇ ಆಗಿದ್ದರೂ ಸೆಮಿಫೈನಲ್ ಹಿಂದಿನ ನಿದ್ದೆ ಕೆಡುತ್ತಿತ್ತು.

ಈಗ ಅವಳು ಬಿಟ್ಟಿದ್ದ ಸಾಲನ್ನು ಸೇರಿಸಿ. ಹಾರ್ಮೋನ್ ಮಾತ್ರೆಯಿಂದ ಅರ್ಧ ಕರಗಲು ಹತ್ತು ಗಂಟೆಯಾದರೆ ಅದೇ ರಾತ್ರಿ ಹತ್ತಕ್ಕೆ ಉಳಿಯುವುದು 42, 87 ಮತ್ತು 119. ಒಟ್ಟು 248, ಎರಡು ಲೋಟಕ್ಕಿಂತ ಹೆಚ್ಚು. ದಿನದ ಮೊತ್ತ 520 ಮಿ.ಗ್ರಾಂ. ಆಗಿದ್ದು ಬೇರೆ ಮಾತು. ಮೂರನೇ ಪಂದ್ಯಕ್ಕೆ ನಿದ್ದೆಗೆಟ್ಟು ಇಳಿದು, ದಣಿವೆಂದು ಮತ್ತೊಂದು ಮಾತ್ರೆ ನುಂಗುವುದು ಇದರ ಮುಂದಿನ ಅಧ್ಯಾಯ.

ಆದ್ದರಿಂದ ನಿಮ್ಮ ಯೋಜನೆಯಲ್ಲಿ ಎದ್ದಾಗಿನಿಂದ ಮಲಗುವವರೆಗಿನ ಎಲ್ಲ ಕೆಫೀನ್ ಇರಲಿ, ಎರಡನೇ ಪಂದ್ಯ ಇದ್ದರೆ ಏನು, ಇಲ್ಲದಿದ್ದರೆ ಏನು ಎಂಬುದಿರಲಿ, ಪಂದ್ಯ ಒಂದು ಗಂಟೆ ತಡವಾದರೆ ಏನು ಮಾಡುವಿರಿ ಎಂಬುದೂ ಇರಲಿ. ನಮ್ಮಲ್ಲಿ ಮಳೆಗೆ ಪಂದ್ಯ ತಡವಾಗುವುದು ಅಪರೂಪವೇನಲ್ಲ. ತಡವಾಯಿತೆಂದು ಇನ್ನೊಂದು ಮಾತ್ರೆ ನುಂಗುವಂತಿಲ್ಲ. ಪ್ರಯಾಣವನ್ನೂ ನಮೂದಿಸಿ. ಸಂಪಾಜೆ ಘಾಟಿ ಇಳಿಯುವ ಬಸ್ಸಿನಲ್ಲಿ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದವರು ಮಂಗಳೂರು ತಲುಪುವ ಹೊತ್ತಿಗೆ ಮಾತ್ರೆಯನ್ನೂ ತಿಂಡಿಯನ್ನೂ ದಾರಿಯಲ್ಲೇ ಬಿಟ್ಟಿರುತ್ತಾರೆ.

ಕೆಫೀನ್ ಹೆಚ್ಚಾಗಿ ಸೇವಿಸಿದರೆ ಕ್ರಿಯೇಟಿನ್ನಿನ ಫಲ ಕುಗ್ಗುತ್ತದೆಯೇ ಎಂದು ಕೇಳುವವರಿದ್ದಾರೆ. ಹೌದೆಂದು ಕಂಡ ಅಧ್ಯಯನಗಳೂ ಇವೆ, ಇಲ್ಲವೆಂದು ಕಂಡವೂ ಇವೆ. ಎರಡನ್ನೂ ಒಟ್ಟಿಗೆ ಕಲಕಿ ಕುಡಿದರೆ ಕೆಲವರ ಹೊಟ್ಟೆ ಕೆಡುತ್ತದೆ. ಕ್ರಿಯೇಟಿನ್ ರಾತ್ರಿ ಊಟದ ನಂತರ, ಕೆಫೀನ್ ಪಂದ್ಯಕ್ಕೆ ಮೊದಲು ಎಂದು ಬೇರೆ ಮಾಡಿದರೆ ಈ ತಲೆನೋವು ಇರುವುದಿಲ್ಲ.

ಹಂತ 7: ಡಬ್ಬಿಯನ್ನು ಅನುಮಾನದಿಂದ ನೋಡಿ

ಕ್ರಿಯೇಟಿನ್ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾದ ನಿಷೇಧಿತ ಪಟ್ಟಿಯಲ್ಲಿ ಇಲ್ಲ. ಕೆಫೀನನ್ನು 2004ರ ಜನವರಿಯಲ್ಲಿ ಪಟ್ಟಿಯಿಂದ ತೆಗೆದರು, ಈಗ ಅದರ ಬಳಕೆಯನ್ನು ಗಮನಿಸುತ್ತಾರಷ್ಟೇ. ಅಪಾಯವಿರುವುದು ಇವೆರಡರ ಜೊತೆಯಲ್ಲಿ ಬರುವ ಮೂರನೆಯದರಲ್ಲಿ. "ಪ್ರಿ-ವರ್ಕೌಟ್" ಎಂಬ ಮಿಶ್ರಣದ ಪುಡಿಗಳಲ್ಲಿ ಡಿಎಂಎಎ, ಹೈಜೆನಮೈನ್‌ನಂಥ ನಿಷೇಧಿತ ವಸ್ತುಗಳು ಸಿಕ್ಕಿದ್ದುಂಟು, ಕೆಲವೊಮ್ಮೆ ಲೇಬಲ್ಲಿನಲ್ಲಿ ಹೆಸರೂ ಇಲ್ಲದೆ. ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾ ತೆಗೆದುಕೊಂಡ ಮಾದರಿಯಲ್ಲಿ ಅದು ಕಂಡರೆ "ಗೊತ್ತಿರಲಿಲ್ಲ" ಎಂಬ ಮಾತು ನಿಮ್ಮನ್ನು ಬಿಡಿಸುವುದಿಲ್ಲ. ದೇಹದೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ.

ಒಂದೇ ಸಾಮಗ್ರಿ ಇರುವ ಡಬ್ಬಿ ಕೊಳ್ಳಿ. ಇನ್ಫಾರ್ಮ್ಡ್ ಸ್ಪೋರ್ಟ್‌ನಂಥ ಬ್ಯಾಚ್ ಪರೀಕ್ಷೆಯ ಗುರುತು ಇದ್ದರೆ, ಆ ಬ್ಯಾಚ್ ಸಂಖ್ಯೆ ಅವರ ಜಾಲತಾಣದಲ್ಲಿ ಇದೆಯೇ ಎಂದು ಹುಡುಕಿ, ಕಂಡದ್ದನ್ನು ಸಂದೇಶಕ್ಕೆ ಸೇರಿಸಿ. ಜಿಮ್‌ನಲ್ಲಿ ಬಿಡಿಯಾಗಿ ಪೊಟ್ಟಣ ಕಟ್ಟಿ ಕೊಟ್ಟ ಪುಡಿಯ ಫೋಟೊ ನನಗೆ ಕಳುಹಿಸಬೇಡಿ. ಅದಕ್ಕೆ ಉತ್ತರ ನಿಮಗೇ ಗೊತ್ತು.

ಹಂತ 8: ಈಗ ಸಂದೇಶ ಬರೆಯಿರಿ

ಪ್ರಶ್ನೆಯನ್ನು "ತೆಗೆದುಕೊಳ್ಳಬಹುದೇ" ಎಂದು ಕೇಳದೆ "ನನ್ನ ಯೋಜನೆ ಇದು, ಯಾವ ಸಾಲು ಬದಲಾಗಬೇಕು" ಎಂದು ಕೇಳಿ. ಆಗ ವೈದ್ಯರು ಸಾಲಿನ ಸಂಖ್ಯೆ ಹಿಡಿದು ಉತ್ತರಿಸಬಹುದು. ನಮ್ಮ ಹುಡುಗಿ ಎರಡನೇ ಬಾರಿ ಕಳುಹಿಸಿದ್ದು ಹೀಗಿತ್ತು:

> ಮೇಡಂ, ನಮಸ್ಕಾರ. ಮಹಿಳಾ ಹಾಕಿ ತಂಡದ ಮಿಡ್‌ಫೀಲ್ಡರ್, ಎರಡನೇ ವರ್ಷ ಬಿ.ಕಾಂ. ಮೊದಲ ಪಂದ್ಯಕ್ಕೆ ಇನ್ನು ಆರು ವಾರ ಇದೆ. ತುರ್ತಿಲ್ಲ, ಈ ವಾರದೊಳಗೆ ಉತ್ತರಿಸಿದರೆ ಸಾಕು.
>
> 1. ವಯಸ್ಸು 20. ತೂಕ ಮೂರು ದಿನ: 62.1, 61.8, 62.0 ಕೆ.ಜಿ. ಮಾಂಸಾಹಾರಿ.
>
> 2. ಆರೋಗ್ಯ: ಮೂತ್ರಪಿಂಡ, ಹೃದಯ, ಉಬ್ಬಸದ ತೊಂದರೆ ಇಲ್ಲ. ತಲೆಸುತ್ತಿ ಬಿದ್ದದ್ದಿಲ್ಲ. ದೊಡ್ಡಪ್ಪನಿಗೆ ಬಿ.ಪಿ. ಇದೆ. ನಾಲ್ಕು ತಿಂಗಳಿಂದ ಪಿಸಿಒಡಿಗೆ ಹಾರ್ಮೋನ್ ಮಾತ್ರೆ ನುಂಗುತ್ತಿದ್ದೇನೆ, ಸ್ಟ್ರಿಪ್ ಫೋಟೊ ಇದೆ. ತಿಂಗಳಿಗೆ ಎರಡು ಮೂರು ನೋವಿನ ಮಾತ್ರೆ.
>
> 3. ಈಗಿನ ಕೆಫೀನ್: ಮನೆಯ ರೊಬಸ್ಟಾ ಕಾಫಿ ಮೂರು ಲೋಟ (7, 4, ರಾತ್ರಿ 8 ಗಂಟೆ), ಲೋಟಕ್ಕೆ ಸುಮಾರು 120 ಮಿ.ಗ್ರಾಂ. ಮಲಗುವುದು 11.30.
>
> 4. ಕ್ರಿಯೇಟಿನ್ ಯೋಜನೆ: ಮೊನೊಹೈಡ್ರೇಟ್, ದಿನಕ್ಕೆ 3 ಗ್ರಾಂ ತೂಗಿ, ರಾತ್ರಿ ಊಟದ ನಂತರ. ರಕ್ತಪರೀಕ್ಷೆ ಆದ ಮೇಲೆ ಶುರು. ಇನ್ನೂ ತೆಗೆದುಕೊಂಡಿಲ್ಲ.
>
> 5. ಕೆಫೀನ್ ಯೋಜನೆ: ಪಂದ್ಯದ ದಿನ 7ಕ್ಕೆ ಕಾಫಿ, 10ಕ್ಕೆ 200 ಮಿ.ಗ್ರಾಂ. ಮಾತ್ರೆ, ಎರಡನೇ ಪಂದ್ಯವಿದ್ದರೆ 2.30ಕ್ಕೆ 200. ಮರುದಿನ 8ಕ್ಕೆ ಸೆಮಿಫೈನಲ್.
>
> 6. ಎರಡೂ ಡಬ್ಬಿಗಳ ಹಿಂಭಾಗದ ಫೋಟೊ, ಬ್ಯಾಚ್ ಸಂಖ್ಯೆ ಸೇರಿಸಿದ್ದೇನೆ. ಡಬ್ಬಿ ಒಡೆದಿಲ್ಲ.
>
> 4 ಮತ್ತು 5ರಲ್ಲಿ ಏನು ಬದಲಿಸಬೇಕು? ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು?

ಯೋಜನೆ ತಪ್ಪಾಗಿತ್ತು, ಸಂದೇಶ ಸರಿಯಾಗಿತ್ತು. ನನಗೆ ಬೇಕಾದದ್ದು ಅಷ್ಟೇ. ರಕ್ತದೊತ್ತಡ ಮತ್ತು ಕ್ರಿಯೇಟಿನಿನ್ ನೋಡಲು ಕರೆದೆ, ಎರಡೂ ಸರಿಯಿದ್ದವು. 4ನೇ ಸಾಲನ್ನು ಹಾಗೇ ಬಿಟ್ಟೆ. 5ನೆಯದನ್ನು ತಿದ್ದಿದೆ: ಬೆಳಿಗ್ಗೆ ಅರ್ಧ ಲೋಟ ಕಾಫಿ, 10ಕ್ಕೆ 100 ಮಿ.ಗ್ರಾಂ., ಎರಡನೇ ಪಂದ್ಯಕ್ಕೆ ಏನೂ ಇಲ್ಲ. ಕಡಿಮೆಯಾಯಿತೆಂದು ಅವಳಿಗೆ ಬೇಸರ. ಆದರೆ ಅವಳ ದೇಹದಲ್ಲಿ ಕೆಫೀನ್ ನಿಧಾನವಾಗಿ ಕರಗುವುದರಿಂದ 11 ಗಂಟೆಗೆ ಎರಡೂ ಸೇರಿ 140 ಮಿ.ಗ್ರಾಂ. ಇದ್ದೇ ಇರುತ್ತದೆ, ಕೆ.ಜಿ.ಗೆ 2 ಮಿ.ಗ್ರಾಂ. ದಾಟುತ್ತದೆ. 3.30ಕ್ಕೂ ಸುಮಾರು ನೂರು ಉಳಿದಿರುತ್ತದೆ. ಎರಡನೇ ಮಾತ್ರೆಯ ಕೆಲಸವನ್ನು ಮೊದಲನೆಯದೇ ಮಾಡುತ್ತಿರುತ್ತದೆ.

ಹಂತ 9: ಉತ್ತರ ಬಂದ ಮೇಲೆ

ಕೆಫೀನನ್ನು ಮೊದಲ ಬಾರಿಗೆ ಪಂದ್ಯದ ದಿನ ಎಂದೂ ಪ್ರಯೋಗಿಸಬೇಡಿ. ಅಭ್ಯಾಸ ಪಂದ್ಯದ ದಿನ, ಅದೇ ಗಂಟೆಗೆ, ಅದೇ ತಿಂಡಿ ತಿಂದು ನೋಡಿ. ಮೂರು ವಿಷಯ ಬರೆದಿಡಿ: ಕೈ ನಡುಗಿತೇ, ಹೊಟ್ಟೆ ಕೆಟ್ಟಿತೇ, ರಾತ್ರಿ ಎಷ್ಟಕ್ಕೆ ನಿದ್ದೆ ಬಂತು. ಚೆಂಡು ನಿಲ್ಲಿಸುವಾಗ ಸ್ಟಿಕ್ ತುದಿ ಅದುರಿದರೆ ಪ್ರಮಾಣ ಹೆಚ್ಚಾಗಿದೆ ಎಂದೇ ಅರ್ಥ, ಓಟ ಎಷ್ಟೇ ಚುರುಕಾಗಿರಲಿ.

ಕ್ರಿಯೇಟಿನ್ ಶುರುವಾದ ಮೇಲೆ ವಾರಕ್ಕೊಮ್ಮೆ ತೂಕ ಬರೆದಿಡಿ. ಒಂದು ಕೆ.ಜಿ. ಏರಿದರೆ ಗಾಬರಿ ಬೇಡ. ವಾಂತಿ, ಭೇದಿ, ಜ್ವರ ಬಂದ ದಿನಗಳಲ್ಲಿ ಪುಡಿ ನಿಲ್ಲಿಸಿ. ಒಂದು ದಿನ ಮರೆತರೆ ಮರುದಿನ ಎರಡು ಪಾಲು ತಿನ್ನಬೇಡಿ. ನಾಲ್ಕು ವಾರ ತುಂಬಿದ ಸಂಗ್ರಹ ಒಂದು ರಾತ್ರಿಯಲ್ಲಿ ಖಾಲಿಯಾಗುವುದಿಲ್ಲ.

ಸಂದೇಶಕ್ಕೆ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು ಇವು: ಎದೆನೋವು, ಕುಳಿತು ವಿಶ್ರಮಿಸಿದರೂ ಇಳಿಯದ ಅಥವಾ ತಾಳ ತಪ್ಪಿದ ಎದೆಬಡಿತ, ಮೂರ್ಛೆ, ನಿಲ್ಲದ ವಾಂತಿ, ಕಠಿಣ ಅಭ್ಯಾಸದ ನಂತರ ಕಪ್ಪು ಚಹಾ ಬಣ್ಣದ ಮೂತ್ರ. ಹೋಗುವಾಗ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.

ಪಂದ್ಯ ಮುಗಿದ ಮೇಲೆ ಎರಡು ಸಾಲಿನ ವರದಿ ಕಳುಹಿಸಿ, ಮುಂದಿನ ಪಂದ್ಯಾವಳಿಯ ಲೆಕ್ಕ ಅಲ್ಲಿಂದ ಶುರುವಾಗುತ್ತದೆ. ನಮ್ಮ ಹುಡುಗಿಯದು ಮೊದಲ ದಿನ ರಾತ್ರಿಯೇ ಬಂತು: "ಎರಡೂ ಪಂದ್ಯ ಆಡಿದೆ. ಕೈ ನಡುಗಲಿಲ್ಲ. ಎರಡನೇ ಪಂದ್ಯಕ್ಕೆ ಮೊದಲು ಗೆಳತಿಯೊಬ್ಬಳು ಕೋಲ್ಡ್ ಕಾಫಿ ಕೊಟ್ಟಳು, ಕುಡಿಯಲಿಲ್ಲ. ಈಗ ಹತ್ತೂವರೆ, ನಿದ್ದೆ ಬರುತ್ತಿದೆ ಮೇಡಂ."

ಉತ್ತರ ಬರೆಯದೆ ಫೋನ್ ಪಕ್ಕಕ್ಕಿಟ್ಟೆ.